ಕೆಂಪು ಮುಚ್ಚಳದ ಸಿರಿಂಜು ಮತ್ತು ಹನ್ನೆರಡು ವಾರದ ಜೊತೆ

ಬೆಳಿಗ್ಗೆ ಏಳೂವರೆ. ಮೆಡಿಕಲ್ ವಾರ್ಡಿಗೆ ತಿಂಡಿ ಗಾಡಿ ಇನ್ನೂ ಬಂದಿಲ್ಲ. ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿದ್ದ ಹುಡುಗಿಯೊಬ್ಬಳು ಟ್ರಾಲಿಯ ಮುಂದೆ ನಿಂತು ಇನ್ಸುಲಿನ್ ತುಂಬುತ್ತಿದ್ದಳು. ಕೇಸ್ ಶೀಟಿನಲ್ಲಿ ಬರೆದಿದ್ದು 20 ಯೂನಿಟ್. ಆ ರೋಗಿಯದು ಇನ್ಸುಲಿನ್ ಪೆನ್ನು, ಅದಕ್ಕೆ ಹಾಕುವ ಸೂಜಿ ಖಾಲಿಯಾಗಿತ್ತು. ಹಾಗಾಗಿ ಅವಳು ಪೆನ್ನಿನೊಳಗಿನ ಕಾರ್ಟ್ರಿಜ್ಜಿಗೇ ಸಿರಿಂಜು ಚುಚ್ಚಿ ಎಳೆದಿದ್ದಳು. ಕೈ ನಡುಗುತ್ತಿರಲಿಲ್ಲ. ಗಾಳಿಗುಳ್ಳೆ ಇರಲಿಲ್ಲ. ಔಷಧಿ ಸರಿಯಾಗಿ 20ರ ಗೆರೆಗೆ ಬಂದು ನಿಂತಿತ್ತು. ಪಕ್ಕದಲ್ಲಿದ್ದ ಹಿರಿಯ ನರ್ಸ್ ಅವಳ ಮೊಣಕೈ ಮುಟ್ಟಿ, "ಒಂದು ನಿಮಿಷ ನಿಲ್ಲಮ್ಮ. ಈ ಸಿರಿಂಜಿನ ಮುಚ್ಚಳ ಯಾವ ಬಣ್ಣ ಇತ್ತು?" ಎಂದು ಕೇಳಿದರು.

"ಕೆಂಪು, ಸಿಸ್ಟರ್."

"ಕಾರ್ಟ್ರಿಜ್ ಮೇಲೆ ಏನು ಬರೆದಿದೆ ಓದು."

ಅವಳು ಓದಿದಳು. ಓದಿದವಳ ಮುಖ ಬಿಳಚಿಕೊಂಡಿತು.

ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಬಲದಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಬಳಸುವ ಗಾಜಿನ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆಂದೇ ಮಾಡಿದ ಸಿರಿಂಜಿಗೆ ಕೆಂಪು ಮುಚ್ಚಳ. ಪೆನ್ನಿನ ಕಾರ್ಟ್ರಿಜ್ಜಿನಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ಆ ಬಲಕ್ಕೆ ತಕ್ಕ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಎಂ.ಎಲ್. ಬಾಟಲಿಯಿಂದ ಎಳೆದಿದ್ದರೆ ಅದು 20 ಯೂನಿಟ್ಟೇ ಆಗುತ್ತಿತ್ತು. ಕಾರ್ಟ್ರಿಜ್ಜಿನಿಂದ ಎಳೆದದ್ದರಿಂದ ಆ ಅರ್ಧ ಎಂ.ಎಲ್.ನಲ್ಲಿ ಇದ್ದದ್ದು 50 ಯೂನಿಟ್, ಅಂದರೆ ಬೇಕಾದದ್ದರ ಎರಡೂವರೆ ಪಟ್ಟು. ಖಾಲಿ ಹೊಟ್ಟೆಯ ಮುದುಕರಿಗೆ ಅಷ್ಟು ಹೋದರೆ ಸಕ್ಕರೆ ಅಂಶ ಕುಸಿದು ಪ್ರಜ್ಞೆಯೇ ತಪ್ಪಬಹುದು. ಇದು ತಿರುಗುಮುರುಗಾದರೂ ತೊಂದರೆಯೇ. ಕಿತ್ತಳೆ ಸಿರಿಂಜಿನಲ್ಲಿ ಬಾಟಲಿಯ ಇನ್ಸುಲಿನ್ ಎಳೆದರೆ 20ರ ಗೆರೆಯಲ್ಲಿ ಎಂಟೇ ಯೂನಿಟ್ ಇರುತ್ತದೆ. ಅದಕ್ಕೇ ಪೆನ್ನಿನ ಕಾರ್ಟ್ರಿಜ್ಜಿಗೆ ಸಿರಿಂಜು ಹಾಕಲೇಬಾರದು ಎನ್ನುವುದು.

ನಾನು ಆಗ ಆ ಆಸ್ಪತ್ರೆಯಲ್ಲಿ ಹೊಸ ನರ್ಸ್‌ಗಳ ತರಬೇತಿ ನೋಡಿಕೊಳ್ಳುತ್ತಿದ್ದೆ. ಅವತ್ತು ಮಧ್ಯಾಹ್ನ ಆ ಹುಡುಗಿಯ ಫೈಲು ತೆಗೆದು ನೋಡಿದೆ. ಕಾಲೇಜಿನಿಂದ ತಂದಿದ್ದ ದಾಖಲೆ ಪುಸ್ತಕದಲ್ಲಿ ಇನ್ಸುಲಿನ್ ಇಂಜೆಕ್ಷನ್ ಎದುರು ಸಹಿ ಇತ್ತು. ನಮ್ಮಲ್ಲಿ ಸೇರಿದ ಮೇಲೆ ಎರಡನೇ ದಿನ ನಾವೇ ತುಂಬಿಸಿದ ಚೆಕ್‌ಲಿಸ್ಟಿನಲ್ಲೂ ಅದೇ ಸಾಲಿನ ಎದುರು ಒಂದು ಟಿಕ್ ಇತ್ತು. ಆ ಚೆಕ್‌ಲಿಸ್ಟ್ ಮಾಡಿದವಳು ನಾನು. ಅದರಲ್ಲಿ ನೂರ ಎಂಬತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಸಿರಿಂಜೂ ಔಷಧಿಯೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳುವ ಸಾಲು ಒಂದೂ ಇರಲಿಲ್ಲ.

ಆ ಹಿರಿಯ ನರ್ಸ್ ಅವಳ ಪ್ರಿಸೆಪ್ಟರ್ ಆಗಿದ್ದರು. ಈ ಪದ ನಮ್ಮ ಆಸ್ಪತ್ರೆಗಳಲ್ಲಿ ಈಗ ಸಾಕಷ್ಟು ಕೇಳಿಬರುತ್ತದೆ, ಅರ್ಥ ಮಾತ್ರ ಕಲಸಿಹೋಗಿದೆ. ಪ್ರಿಸೆಪ್ಟರ್ ಎಂದರೆ ವಾರ್ಡಿನಲ್ಲಿ ತಾನೂ ರೋಗಿಗಳನ್ನು ನೋಡಿಕೊಳ್ಳುತ್ತ, ಗೊತ್ತಾದ ಅವಧಿಗೆ ಒಬ್ಬ ಹೊಸಬಳನ್ನು ಜೊತೆಗಿಟ್ಟುಕೊಂಡು ಕೆಲಸ ಕಲಿಸುವ ನರ್ಸ್. ಪಾಠ ಹೇಳಿ ಹೋಗುವ ಟ್ಯೂಟರ್ ಬೇರೆ. ಇಡೀ ವಾರ್ಡಿನ ಹೊಣೆ ಹೊತ್ತ ಇನ್‌ಚಾರ್ಜ್ ಸಿಸ್ಟರ್ ಬೇರೆ. ಪ್ರಿಸೆಪ್ಟರ್ ಹೊಸಬಳ ಶಿಫ್ಟಿನಲ್ಲೇ ಇರಬೇಕು, ಅವಳ ಕೈ ಕಾಣುವಷ್ಟು ಹತ್ತಿರ ಇರಬೇಕು. ಅವತ್ತು ಆ ಮುದುಕರು ಉಳಿದದ್ದು ಆ ಹತ್ತಿರದಿಂದ.

ನಾಲ್ಕು ವರ್ಷ ಬಿ.ಎಸ್ಸಿ. ಓದಿ, ಪರೀಕ್ಷೆ ಪಾಸಾಗಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡು ಬಂದವರಿಗೆ ಮತ್ತೆ ಯಾಕೆ ಜೊತೆ ಬೇಕು ಎಂದು ಆಡಳಿತದವರು ಕೇಳುತ್ತಾರೆ. ಈ ಪ್ರಶ್ನೆಗೆ ಹಳೆಯದೊಂದು ಉತ್ತರವಿದೆ. 1974ರಲ್ಲಿ ಅಮೆರಿಕದ ಮಾರ್ಲಿನ್ ಕ್ರೇಮರ್ ತಮ್ಮ ಪುಸ್ತಕದಲ್ಲಿ, ಕಾಲೇಜಿನಲ್ಲಿ ಕಲಿತ ನರ್ಸಿಂಗಿಗೂ ವಾರ್ಡಿನಲ್ಲಿ ಕಾಣುವ ನರ್ಸಿಂಗಿಗೂ ಇರುವ ಅಂತರ ಹೊಸಬರಿಗೆ ಕೊಡುವ ಪೆಟ್ಟನ್ನು ವಾಸ್ತವದ ಆಘಾತ ಎಂದು ಕರೆದರು. ಹತ್ತು ವರ್ಷದ ನಂತರ, 1984ರಲ್ಲಿ, ಪೆಟ್ರಿಶಿಯಾ ಬೆನ್ನರ್ ನರ್ಸ್ ಬೆಳೆಯುವ ಐದು ಹಂತಗಳನ್ನು ಬಿಡಿಸಿಟ್ಟರು. ಬರ್ಕ್ಲಿಯ ಡ್ರೈಫಸ್ ಸಹೋದರರು ಪೈಲಟ್‌ಗಳು ಮತ್ತು ಚೆಸ್ ಆಟಗಾರರ ಕೌಶಲ ಹೇಗೆ ಬಲಿಯುತ್ತದೆಂದು ಹೇಳಿದ್ದನ್ನು ಅವರು ನರ್ಸಿಂಗಿಗೆ ತಂದರು. ಅದರ ಪ್ರಕಾರ ಹೊಸಬಳು ಕಲಿತ ನಿಯಮದ ದಾರಿ ಹಿಡಿದು ಹೋಗುತ್ತಾಳೆ. ಎದುರಿಗಿರುವ ಹತ್ತು ಸಂಗತಿಗಳಲ್ಲಿ ಈ ಹೊತ್ತಿಗೆ ಯಾವುದು ಮುಖ್ಯ ಎನ್ನುವುದು ಅವಳ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಹುಡುಗಿಗೂ ಹಾಗೇ ಆಯಿತು. 20 ಯೂನಿಟ್ ಎಂದರೆ 20ರ ಗೆರೆ ಎಂಬ ನಿಯಮ ಅವಳಿಗೆ ಗೊತ್ತಿತ್ತು. ಸೂಜಿ ಖಾಲಿಯಾದ ದಿನ ಆ ನಿಯಮ ಮುರಿಯುತ್ತದೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

ಕಾರ್ಯಕ್ರಮವನ್ನು ಮತ್ತೆ ಮೊದಲಿನಿಂದ ಕಟ್ಟಿದೆವು. ಮೊದಲು ಕೈ ಹಾಕಿದ್ದು ಡ್ಯೂಟಿ ಲಿಸ್ಟಿಗೆ. ಹೀಗೆ ಹೇಳಿದರೆ ಹಲವರಿಗೆ ಆಶ್ಚರ್ಯವಾಗುತ್ತದೆ, ಆದರೆ ಈ ಕೆಲಸ ನಿಲ್ಲುವುದೂ ಬೀಳುವುದೂ ಅಲ್ಲಿಯೇ ಎಂದು ನಾನು ಈಗಲೂ ನಂಬುತ್ತೇನೆ.

ಮೂವತ್ತು ಹಾಸಿಗೆಯ ವಾರ್ಡು, ಬೆಳಗಿನ ಶಿಫ್ಟಿಗೆ ನಾಲ್ಕು ಜನ ನರ್ಸ್. ಹೊಸಬಳೊಬ್ಬಳು ಬಂದ ಕೂಡಲೇ ಲಿಸ್ಟಿನಲ್ಲಿ ಐದು ಜನ ಎಂದು ಬರೆಯುತ್ತಾರೆ, ತಲೆಗೆ ಆರು ರೋಗಿಗಳು. ಹೊಸಬಳಿಗೆ ಆರು, ಪ್ರಿಸೆಪ್ಟರಿಗೂ ಆರು. ಇಬ್ಬರೂ ವಾರ್ಡಿನ ಎರಡು ತುದಿಯಲ್ಲಿ ಓಡಾಡುತ್ತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದು ಹ್ಯಾಂಡೋವರ್ ಹೊತ್ತಿಗೆ. ಹೆಸರಿಗೆ ಪ್ರಿಸೆಪ್ಟರ್ ಇದ್ದೂ ಇಲ್ಲದ ಸ್ಥಿತಿ ಇದು. ನಾವು ಮೊದಲ ನಾಲ್ಕು ವಾರ ಹೊಸಬಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಜೋಡಿಗೆ ಸೇರಿ ಆರು ರೋಗಿಗಳು, ಉಳಿದ ಮೂವರಿಗೆ ತಲೆಗೆ ಎಂಟು. ಆ ಮೂವರಿಗೆ ಬೇಜಾರಾಗುವುದು ಸಹಜ. ಅದಕ್ಕೇ ಇನ್‌ಚಾರ್ಜ್ ಸಿಸ್ಟರ್ ಮೊದಲೇ ಎಲ್ಲರನ್ನೂ ಕೂರಿಸಿಕೊಂಡು, ಎಷ್ಟು ವಾರ, ಯಾಕೆ, ಮುಂದಿನ ಬ್ಯಾಚಿಗೆ ಯಾರ ಸರದಿ ಎಂದು ಹೇಳಬೇಕು. ಹೇಳದಿದ್ದರೆ ಆ ಸಿಟ್ಟು ಹೊಸ ಹುಡುಗಿಯ ಮೇಲೆ ತಿರುಗುತ್ತದೆ.

ಇನ್ನೊಂದು ಕಟ್ಟುನಿಟ್ಟು. ಜೋಡಿ ಒಡೆಯಬಾರದು. ಪ್ರಿಸೆಪ್ಟರಿಗೆ ನೈಟ್ ಬಿದ್ದರೆ ಹೊಸಬಳಿಗೂ ನೈಟ್, ಅವರಿಗೆ ವಾರದ ರಜೆ ಬಂದ ದಿನವೇ ಇವಳಿಗೂ ರಜೆ. ಪ್ರಿಸೆಪ್ಟರ್ ರಜೆ ಹಾಕಿದರೆ ನೋಡಿಕೊಳ್ಳಲು ಎರಡನೆಯವರೊಬ್ಬರ ಹೆಸರು ಮೊದಲೇ ನಿಗದಿಯಾಗಿರಬೇಕು. ಒಂದು ತಿಂಗಳಲ್ಲಿ ಐದು ಜನರ ಕೈಗೆ ಹೋದ ಹುಡುಗಿ ಐದು ರೀತಿಯಲ್ಲಿ ಕ್ಯಾನುಲಾ ಕಟ್ಟುವುದನ್ನು ಕಲಿಯುತ್ತಾಳೆ, ಅವಳು ಎಲ್ಲಿ ಎಡವುತ್ತಾಳೆಂದು ಐವರಲ್ಲಿ ಯಾರಿಗೂ ಪೂರ್ತಿ ತಿಳಿಯುವುದಿಲ್ಲ.

ಅವಧಿ ಹನ್ನೆರಡು ವಾರ. ಮೊದಲ ಎರಡು ದಿನ ಮಾತ್ರ ಹಾಲ್‌ನಲ್ಲಿ ಕೂತು ಕೇಳುವುದು. ಬೆಂಕಿ ಬಿದ್ದರೆ ಏನು, ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು, ಯಾವ ಕಸ ಯಾವ ಬಣ್ಣದ ಚೀಲಕ್ಕೆ, ತುರ್ತಿಗೆ ಯಾವ ನಂಬರ್. ಆ ವಾರದ ಉಳಿದ ದಿನಗಳಲ್ಲಿ ಅವಳಿಗೆ ಸ್ವಂತ ರೋಗಿ ಇಲ್ಲ, ಪ್ರಿಸೆಪ್ಟರ್ ಹಿಂದೆ ನಡೆಯುವುದಷ್ಟೇ. ಎರಡನೇ ವಾರದಿಂದ ಎರಡು ರೋಗಿಗಳು, ಐದನೇ ವಾರದಿಂದ ನಾಲ್ಕು. ಒಂಬತ್ತನೇ ವಾರದಿಂದ ಪೂರ್ತಿ ಪಾಲು, ಆದರೆ ಪ್ರಿಸೆಪ್ಟರ್ ಅದೇ ಶಿಫ್ಟಿನಲ್ಲಿ ಕೂಗಳತೆಯಲ್ಲಿರುತ್ತಾರೆ. ಏಳನೇ ವಾರದವರೆಗೆ ನೈಟ್ ಇಲ್ಲ. ಇದು ಮೆಡಿಕಲ್ ವಾರ್ಡಿನ ಲೆಕ್ಕ. ಐ.ಸಿ.ಯು.ಗೆ ಇದು ಸಾಲದು.

ಇನ್ನು ಚೆಕ್‌ಲಿಸ್ಟ್. ಹಳೆಯದನ್ನು ಪಕ್ಕಕ್ಕಿಟ್ಟು, ವಾರ್ಡಿನ ಇನ್ಸಿಡೆಂಟ್ ರಿಪೋರ್ಟುಗಳನ್ನು ಎದುರಿಗಿಟ್ಟುಕೊಂಡು ಕೂತೆವು. ಈ ವಾರ್ಡಿನಲ್ಲಿ ದಿನಾ ಮಾಡುವ ಕೆಲಸ ಯಾವುವು, ಅಪರೂಪಕ್ಕೆ ಬಂದರೂ ತಪ್ಪಿದರೆ ಜೀವಕ್ಕೆ ಅಪಾಯ ತರುವಂಥವು ಯಾವುವು ಎಂದು ಆರಿಸಿದೆವು. ಇಪ್ಪತ್ತಾರು ಉಳಿದವು. ಬೆಡ್ ಮಾಡುವುದು, ಟಿ.ಪಿ.ಆರ್. ನೋಡುವುದು ಮುಂತಾದವು ಕಾಲೇಜಿನಲ್ಲೇ ಆಗಿರುತ್ತವೆ, ಅವನ್ನು ಮತ್ತೆ ಎಣಿಸುವುದರಿಂದ ಕಾಗದ ಮಾತ್ರ ದಪ್ಪವಾಗುತ್ತದೆ. ರಕ್ತ ಹಾಕುವುದು, ಇನ್ಸುಲಿನ್, ಪೊಟ್ಯಾಸಿಯಂ ಡ್ರಿಪ್, ರೋಗಿ ಹದಗೆಡುತ್ತಿರುವುದನ್ನು ಗುರುತಿಸಿ ಡಾಕ್ಟರಿಗೆ ಫೋನಿನಲ್ಲಿ ಹೇಳುವುದು, ಇಂಥವು ಉಳಿದವು.

ಇನ್ಸುಲಿನ್ ಒಂದನ್ನೇ ತೆಗೆದುಕೊಂಡು ಹೇಳುತ್ತೇನೆ. ಹಳೆಯ ಚೆಕ್‌ಲಿಸ್ಟಿನ ಸಾಲು "ಇನ್ಸುಲಿನ್ ಕೊಡುವ ವಿಧಾನ ತಿಳಿದಿದೆ" ಎಂದಿತ್ತು. ತಿಳಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುವ ಸಂಗತಿಯಲ್ಲ. ಹೊಸದರಲ್ಲಿ ಪ್ರತಿ ಸಾಲೂ ಪಕ್ಕದಲ್ಲಿ ನಿಂತವರು ನೋಡಬಹುದಾದ ಅಥವಾ ಕೇಳಬಹುದಾದ ಕೆಲಸವೇ ಆಗಿರಬೇಕೆಂದು ಹಟ ಹಿಡಿದೆವು. ಡ್ರಿಪ್ ಇಲ್ಲದ ಕೈಯ ಬೆರಳಿನಿಂದ ರಕ್ತ ತೆಗೆದು ಜಿ.ಆರ್.ಬಿ.ಎಸ್. ನೋಡಿ ಆಗಲೇ ಬರೆದಳು. ಇನ್ಸುಲಿನ್ ಹೆಸರನ್ನೂ ಬಲವನ್ನೂ ಬಾಟಲಿಯ ಮೇಲಿಂದ ಗಟ್ಟಿಯಾಗಿ ಓದಿದಳು. ಸಿರಿಂಜಿನ ಮೇಲಿನ ಸಂಖ್ಯೆ ಅದಕ್ಕೆ ಹೊಂದುತ್ತದೆಂದು ತೋರಿಸಿದಳು. ಬಿಳಿ ಮೋಡದಂಥ ಇನ್ಸುಲಿನ್ ಆಗಿದ್ದರೆ ಕುಲುಕದೆ ಅಂಗೈಗಳ ನಡುವೆ ಹೊರಳಿಸಿದಳು. ಎಳೆದ ಪ್ರಮಾಣವನ್ನು ಇನ್ನೊಬ್ಬ ನರ್ಸಿಗೆ ತೋರಿಸಿದಳು. ರೋಗಿಯ ಹೆಸರು ಮತ್ತು ಆಸ್ಪತ್ರೆ ನಂಬರ್ ಎರಡನ್ನೂ ಕೈಪಟ್ಟಿಯೊಂದಿಗೆ ಹೋಲಿಸಿದಳು. ತಿಂಡಿ ಬಂದಿದೆಯೇ, ಬೆಳಿಗ್ಗೆ ಸ್ಕ್ಯಾನಿಂಗ್ ಅಂತ ಉಪವಾಸ ಇಟ್ಟಿದ್ದಾರೆಯೇ ಎಂದು ಕೇಳಿದಳು. ಆಮೇಲೆ ಚುಚ್ಚಿದಳು.

ಹೆಸರು ಕೇಳುವ ಸಾಲಿನ ಬಗ್ಗೆ ನಮ್ಮಲ್ಲಿ ದೊಡ್ಡ ಚರ್ಚೆಯೇ ಆಯಿತು. ನಮ್ಮ ವಾರ್ಡಿಗೆ ಬರುವ ಹೊಸಬರಲ್ಲಿ ಕೇರಳದವರೂ ಈಶಾನ್ಯ ರಾಜ್ಯದವರೂ ಇದ್ದರು, ಕನ್ನಡ ಅವರಿಗೆ ಹೊಸದು. "ಲಕ್ಷ್ಮಮ್ಮ ಅಲ್ವಾ?" ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ ಯಾವ ಹೆಸರಿಗೂ ತಲೆಯಾಡಿಸಿಬಿಡುತ್ತಾರೆ. ಆದ್ದರಿಂದ "ನಿಮ್ಮ ಪೂರ್ತಿ ಹೆಸರೇನಮ್ಮ?" ಎಂದೇ ಕೇಳಬೇಕು, ಉತ್ತರ ಅವರ ಬಾಯಿಂದಲೇ ಬರಬೇಕು ಎಂದು ಬರೆದೆವು. ಬೆಡ್ ನಂಬರ್ ಗುರುತಾಗದು, ಹಾಸಿಗೆ ದಿನಕ್ಕೆ ಎರಡು ಸಲ ಬದಲಾಗುತ್ತದೆ. "ಊಟ ಆಯ್ತಾ?", "ತಿಂಡಿ ಬಂತಾ?", "ಬೆವರು ಬರ್ತಿದೆಯಾ?", "ಕೈ ನಡುಗ್ತಿದೆಯಾ?" ಎಂಬ ನಾಲ್ಕು ಮಾತುಗಳನ್ನು ಕನ್ನಡ ಬಾರದವರಿಗೆ ಮೊದಲ ವಾರದಲ್ಲೇ ಬಾಯಿಪಾಠ ಮಾಡಿಸಿದೆವು. ಇದನ್ನು ಭಾಷೆಯ ತರಗತಿ ಎಂದು ಎಣಿಸಲಿಲ್ಲ, ಇನ್ಸುಲಿನ್ ಕೌಶಲದ ಒಂದು ಭಾಗವೆಂದೇ ಸೇರಿಸಿದೆವು.

ಅಂಕ ಕೊಡುವ ಬಗೆಯೂ ಬದಲಾಯಿತು. "ಉತ್ತಮ", "ಸಾಧಾರಣ" ಎಂದು ಬರೆದರೆ ನನ್ನ ಉತ್ತಮ ಬೇರೆ, ನಿಮ್ಮ ಉತ್ತಮ ಬೇರೆ. 1983ರಲ್ಲಿ ಕ್ಯಾಥ್ಲೀನ್ ಬಾಂಡಿ ಎಂಬ ನರ್ಸಿಂಗ್ ಶಿಕ್ಷಕಿ ಇದಕ್ಕೊಂದು ಅಳತೆ ಕೊಟ್ಟರು. ಕೆಲಸ ಸುರಕ್ಷಿತವಾಗಿ ಆಗಲು ಪಕ್ಕದವರು ಎಷ್ಟು ನೆರವಾಗಬೇಕಾಯಿತು ಎನ್ನುವುದನ್ನು ಆಧಾರವಾಗಿಟ್ಟುಕೊಂಡ ಅಳತೆ ಅದು. ಅದನ್ನು ನಾವು ನಮಗೆ ಬೇಕಾದಂತೆ ನಾಲ್ಕು ಮೆಟ್ಟಿಲಿಗೆ ಇಳಿಸಿಕೊಂಡೆವು. ನಾನೇ ಮಾಡಬೇಕಾಯಿತು. ಹೆಜ್ಜೆ ಹೆಜ್ಜೆಗೂ ಹೇಳಬೇಕಾಯಿತು. ಒಂದೆರಡು ಕಡೆ ನೆನಪಿಸಬೇಕಾಯಿತು. ಏನೂ ಹೇಳಬೇಕಾಗಲಿಲ್ಲ. ಹೀಗೆ ಬರೆಯಲು ಪ್ರಿಸೆಪ್ಟರಿಗೆ ಅಭಿಪ್ರಾಯ ಬೇಕಿಲ್ಲ, ತಾನು ಏನು ಮಾಡಿದೆ ಎಂದು ನೆನೆದುಕೊಂಡರೆ ಸಾಕು.

ಶೇಕಡಾವಾರು ಲೆಕ್ಕವನ್ನಂತೂ ಕಿತ್ತೇ ಹಾಕಿದೆವು. ಅವತ್ತು ಆ ಹುಡುಗಿ ಹತ್ತರಲ್ಲಿ ಒಂಬತ್ತು ಹೆಜ್ಜೆ ಸರಿಯಾಗಿ ಇಟ್ಟಿದ್ದಳು. ಶೇಕಡಾ 90 ಎಂದರೆ ಡಿಸ್ಟಿಂಕ್ಷನ್. ಉಳಿದ ಒಂದು ಹೆಜ್ಜೆಯಲ್ಲಿ ರೋಗಿಯ ಜೀವವಿತ್ತು. ಹಾಗಾಗಿ ಪ್ರತಿ ಕೌಶಲದಲ್ಲೂ ತಪ್ಪಬಾರದ ಹೆಜ್ಜೆಗಳಿಗೆ ನಕ್ಷತ್ರ ಹಾಕಿದೆವು. ಇನ್ಸುಲಿನ್‌ಗೆ ಮೂರು ನಕ್ಷತ್ರ: ಸಿರಿಂಜು ಮತ್ತು ಇನ್ಸುಲಿನ್ ಹೊಂದಾಣಿಕೆ, ರೋಗಿಯ ಗುರುತು, ಊಟದ ವಿಚಾರಣೆ. ಇವುಗಳಲ್ಲಿ ಒಂದು ತಪ್ಪಿದರೂ ಅವತ್ತಿನ ಸಹಿ ಇಲ್ಲ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ. ಸಹಿ ಸಿಗಬೇಕಾದರೆ ಬೇರೆ ಬೇರೆ ದಿನ, ಬೇರೆ ಬೇರೆ ರೋಗಿಗಳ ಮೇಲೆ, ಮೂರು ಸಲ ನಾಲ್ಕನೇ ಮೆಟ್ಟಿಲು ಮುಟ್ಟಬೇಕು. ಅದರಲ್ಲಿ ಒಂದು ಸಲವಾದರೂ ಅವಳ ಪ್ರಿಸೆಪ್ಟರ್ ಅಲ್ಲದವರು ನೋಡಿರಬೇಕು, ಒಂದು ಸಲ ನೈಟ್ ಡ್ಯೂಟಿಯಲ್ಲಿ ಆಗಿರಬೇಕು. ನೈಟ್‌ನಲ್ಲಿ ಬೆಳಕು ಕಡಿಮೆ, ಜನ ಕಡಿಮೆ, ಕಣ್ಣು ಎಳೆಯುತ್ತಿರುತ್ತದೆ. ಬೆಳಗಿನ ಸಹಿ ಅಲ್ಲಿಗೆ ಸಾಲದು.

ಕೆಲವು ಸಂಗತಿ ಕಾದು ಕೂತರೆ ಬರುವುದಿಲ್ಲ. ಸಕ್ಕರೆ ಕುಸಿದ ರೋಗಿ ಹನ್ನೆರಡು ವಾರದಲ್ಲಿ ಅವಳ ಪಾಲಿಗೆ ಒಮ್ಮೆಯೂ ಸಿಗದಿರಬಹುದು. ಅದಕ್ಕೆ ಮಧ್ಯಾಹ್ನ ವಾರ್ಡು ತಣ್ಣಗಿರುವ ಹೊತ್ತಿನಲ್ಲಿ ಖಾಲಿ ಹಾಸಿಗೆಯ ಮೇಲೆ ಒಬ್ಬ ಸಹೋದ್ಯೋಗಿಯನ್ನು ಮಲಗಿಸಿ ಆಡಿಸುತ್ತಿದ್ದೆವು. "ಜಿ.ಆರ್.ಬಿ.ಎಸ್. 52, ಬೆವರುತ್ತಿದ್ದಾರೆ, ಮಾತಾಡುತ್ತಿದ್ದಾರೆ. ಈಗ?" ಅವಳು ಬಾಯಲ್ಲಿ ಉತ್ತರ ಹೇಳಿದರೆ ಸಾಲದು, ಎದ್ದು ಗ್ಲೂಕೋಸ್ ಡಬ್ಬಿ ಎಲ್ಲಿದೆ ಎಂದು ಹುಡುಕಿ 15 ಗ್ರಾಂ ನೀರಿಗೆ ಕಲಸಿ ತರಬೇಕು, ಹದಿನೈದು ನಿಮಿಷಕ್ಕೆ ಮತ್ತೆ ರಕ್ತ ನೋಡುತ್ತೇನೆಂದು ಹೇಳಬೇಕು. "ಈಗ ಕೂಗಿದರೂ ಓಗೊಡುತ್ತಿಲ್ಲ" ಎಂದು ಕಥೆ ತಿರುಗಿಸಿದರೆ ಬಾಯಿಗೆ ಏನೂ ಹಾಕದೆ, ಸಹಾಯಕ್ಕೆ ಕೂಗಿ, ರಕ್ತನಾಳದ ಮೂಲಕ ಕೊಡುವ ಡೆಕ್ಸ್ಟ್ರೋಸ್ ಬಾಟಲಿಗೆ ಕೈ ಹಾಕಬೇಕು. ಮೊದಲ ಸಲ ಆಡಿಸಿದಾಗ ಗ್ಲೂಕೋಸ್ ಡಬ್ಬಿ ಸಿಗಲು ನಾಲ್ಕು ನಿಮಿಷ ಹಿಡಿಯಿತು. ಅದು ಬೀಗ ಹಾಕಿದ ಕಪಾಟಿನಲ್ಲಿತ್ತು, ಬೀಗದ ಕೈ ಇನ್‌ಚಾರ್ಜ್ ಬಳಿ ಇತ್ತು. ಹುಡುಗಿಯ ಕೊರತೆ ಹುಡುಕಲು ಹೋಗಿ ವಾರ್ಡಿನ ಕೊರತೆ ಸಿಕ್ಕಿತು. ಡಬ್ಬಿ ಅಂದೇ ಟ್ರಾಲಿಗೆ ಬಂತು.

ಚೆಕ್‌ಲಿಸ್ಟಿಗೂ ಒಂದು ಮಿತಿಯಿದೆ. ಅದು ಒಂದೊಂದು ಕೆಲಸವನ್ನು ಅಳೆಯುತ್ತದೆ, ನಾಲ್ಕು ರೋಗಿಗಳ ನಡುವೆ ಯಾರ ಹತ್ತಿರ ಮೊದಲು ಹೋಗಬೇಕೆಂಬ ವಿವೇಕವನ್ನು ಅಳೆಯಲಾರದು. ಅದಕ್ಕೆ ಪ್ರತಿ ಶಿಫ್ಟಿನ ಮಧ್ಯೆ ಪ್ರಿಸೆಪ್ಟರ್ ಒಂದೇ ಪ್ರಶ್ನೆ ಕೇಳುವಂತೆ ಮಾಡಿದೆವು: "ನಿನ್ನ ರೋಗಿಗಳಲ್ಲಿ ಈಗ ನಿನಗೆ ಯಾರ ಚಿಂತೆ, ಯಾಕೆ?" ಎರಡನೇ ವಾರದಲ್ಲಿ ಬರುವ ಉತ್ತರ ಸಾಮಾನ್ಯವಾಗಿ "ಎಲ್ಲರೂ ಚೆನ್ನಾಗಿದ್ದಾರೆ, ಸಿಸ್ಟರ್". ಎಂಟನೇ ವಾರಕ್ಕೆ "ಹನ್ನೊಂದನೇ ಬೆಡ್ಡಿನವರು ಬೆಳಿಗ್ಗೆಯಿಂದ ಸರಿಯಾಗಿ ಮೂತ್ರ ಮಾಡಿಲ್ಲ, ಉಸಿರೂ ಸ್ವಲ್ಪ ಜೋರಾಗಿದೆ" ಎಂಬಂಥ ಮಾತು ಬರತೊಡಗಿದರೆ ಕಲಿಕೆ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ. ಆಗಲೂ "ಚೆನ್ನಾಗಿದ್ದಾರೆ" ಎನ್ನುತ್ತಿದ್ದರೆ ಸಹಿಗಳೆಲ್ಲ ತುಂಬಿದ್ದರೂ ಅವಳನ್ನು ಒಬ್ಬಳೇ ಬಿಡಬಾರದು.

ಈಗ ಫೀಡ್‌ಬ್ಯಾಕ್. ತಪ್ಪನ್ನೂ ಸರಿಯನ್ನೂ ತಿಳಿಸಿ ಹೇಳುವ ಈ ಕೆಲಸ ನಮ್ಮ ವಾರ್ಡುಗಳಲ್ಲಿ ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ರೋಗಿಯ ಕಡೆಯವರ ಎದುರಿಗೇ ಗದರುವುದು. ಇನ್ನೊಂದು, ಹನ್ನೆರಡನೇ ವಾರದಲ್ಲಿ "ಚೆನ್ನಾಗಿ ಮಾಡ್ತಿದ್ದೀಯ, ಇನ್ನೂ ಸುಧಾರಿಸಬೇಕು" ಎಂದು ಬೆನ್ನು ತಟ್ಟುವುದು. ಮೊದಲನೆಯದರಿಂದ ಅವಳು ಮುಂದಿನ ತಪ್ಪನ್ನು ಮುಚ್ಚಿಡಲು ಕಲಿಯುತ್ತಾಳೆ. ಎರಡನೆಯದರಿಂದ ಏನೂ ಕಲಿಯುವುದಿಲ್ಲ.

ನಾವು ಹಿಡಿದ ದಾರಿ 1992ರಲ್ಲಿ ಅಮೆರಿಕದ ಕೆಲವು ಕುಟುಂಬ ವೈದ್ಯ ಶಿಕ್ಷಕರು ಬರೆದದ್ದು. ಕೆಲಸದ ನಡುವೆ ಕೆಲವೇ ನಿಮಿಷದಲ್ಲಿ ಕಲಿಸಲು ಐದು ಹೆಜ್ಜೆ. ಮೊದಲು ಅವಳದೇ ತೀರ್ಮಾನ ಕೇಳು. ಯಾಕೆ ಹಾಗೆ ಅಂದುಕೊಂಡೆ ಎಂದು ಕೇಳು. ಒಂದು ಸಾಮಾನ್ಯ ನಿಯಮ ಹೇಳು. ಸರಿ ಮಾಡಿದ್ದನ್ನು ಹೆಸರಿಟ್ಟು ಹೇಳು. ತಪ್ಪನ್ನು ತಿದ್ದು. ಇನ್ಸುಲಿನ್ ದಿನ ಆ ಪ್ರಿಸೆಪ್ಟರ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ, ಈ ಐದು ಹೆಜ್ಜೆಯ ಹೆಸರು ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ಸಿರಿಂಜು ಚೆಲ್ಲಿಸಿ, ಪೆನ್ನಿನ ಸೂಜಿ ಪಕ್ಕದ ವಾರ್ಡಿನಿಂದ ತರಿಸಿ, ರೋಗಿಗೆ ಸರಿಯಾದ ಪ್ರಮಾಣ ಕೊಡಿಸಿದ ಮೇಲೆ, ಒಂಬತ್ತೂವರೆಗೆ ಅವಳನ್ನು ಡ್ರೆಸಿಂಗ್ ರೂಮಿಗೆ ಕರೆದು ಕೂರಿಸಿದರು.

"ಸೂಜಿ ಇಲ್ಲ ಅಂತ ಗೊತ್ತಾದಾಗ ಏನು ಅಂದುಕೊಂಡೆ?"

"ಟೈಮ್ ಆಗ್ತಿತ್ತು, ಸಿಸ್ಟರ್. ಇನ್ಸುಲಿನ್ ಅದೇ ಅಲ್ವಾ, ಸಿರಿಂಜಿನಲ್ಲಿ ಕೊಟ್ಟರೂ ಒಂದೇ ಅಂದುಕೊಂಡೆ."

"ಗೆರೆ ಸರಿಯಾಗಿ ನೋಡಿದೆ, ಗಾಳಿ ತೆಗೆದೆ, ಅದು ಸರಿ. ಆದರೆ ಆ ಗೆರೆ ಎಷ್ಟು ಬಲದ ಇನ್ಸುಲಿನ್‌ಗೆ ಅಂತ ಸಿರಿಂಜಿನ ಮೇಲೇ ಬರೆದಿರುತ್ತೆ, ಅದನ್ನು ಓದಲಿಲ್ಲ. ಸಾಮಾನು ಬದಲಾಯಿಸಬೇಕಾಗಿ ಬಂದರೆ ಕೈ ನಿಲ್ಲಿಸಿ ನನ್ನನ್ನು ಕೂಗು. ನಾಳೆ ಬೆಳಿಗ್ಗೆ ಎರಡೂ ಸಿರಿಂಜು, ಬಾಟಲಿ, ಕಾರ್ಟ್ರಿಜ್ ಇಟ್ಟುಕೊಂಡು ನೀನೇ ನನಗೆ ಪಾಠ ಹೇಳು."

ಕೊನೆಯ ಆ ಮಾತು ಮುಖ್ಯ. ನಮ್ಮಲ್ಲಿ "ಡೌಟ್ ಇದೆಯಾ?" ಎಂದು ಹಿರಿಯರು ಕೇಳಿದರೆ "ಇಲ್ಲ ಸಿಸ್ಟರ್" ಎಂಬ ಒಂದೇ ಉತ್ತರ ಬರುತ್ತದೆ. ಗೌರವದಿಂದಲೂ ಹೆದರಿಕೆಯಿಂದಲೂ ಹಾಗೆ ಬರುತ್ತದೆ. ಡೌಟ್ ಕೇಳುವುದನ್ನು ಬಿಟ್ಟು ಮಾಡಿ ತೋರಿಸಲು, ಪಾಠ ಹೇಳಲು ಹೇಳಿದರೆ ಇಲ್ಲ ಎನ್ನುವ ದಾರಿ ಮುಚ್ಚುತ್ತದೆ.

ಶಿಫ್ಟಿನ ಕೊನೆಗೆ ಹತ್ತು ನಿಮಿಷ, ಇಬ್ಬರೂ ಕೂತು ಎರಡು ಸಾಲು ಬರೆಯುತ್ತಾರೆ: ಇವತ್ತು ಕಂಡದ್ದು, ನಾಳೆ ನೋಡಬೇಕಾದದ್ದು. ನಾಲ್ಕು, ಎಂಟು, ಹನ್ನೆರಡನೇ ವಾರದ ಕೊನೆಗೆ ತರಬೇತಿಯವರೂ ಸೇರಿ ಮೂವರು ಕೂರುತ್ತಾರೆ. ಅದಕ್ಕೂ ಮೊದಲು ಹೊಸಬಳು ಪ್ರಿಸೆಪ್ಟರ್ ಇಲ್ಲದ ಹೊತ್ತಿನಲ್ಲಿ ಮೂರು ಪ್ರಶ್ನೆಗೆ ಉತ್ತರಿಸುತ್ತಾಳೆ. ಈ ವಾರ ಎಷ್ಟು ಶಿಫ್ಟು ಪ್ರಿಸೆಪ್ಟರ್ ಜೊತೆ ಸಿಕ್ಕಿತು? ಏನನ್ನು ಕೇಳಲು ಹಿಂಜರಿದೆ? ಯಾವ ಕೆಲಸ ನೋಡದೆಯೇ ಸಹಿಯಾಗಿದೆ? ಮೂರನೇ ಪ್ರಶ್ನೆಗೆ ಮೊದಲ ಬ್ಯಾಚಿನಲ್ಲಿ ಬಂದ ಉತ್ತರಗಳನ್ನು ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರ್ಯಕ್ರಮ ಹಳಿ ತಪ್ಪಿದೆಯೇ ಎಂದು ತಿಳಿಯಲು ದೊಡ್ಡ ಪರಿಶೀಲನೆ ಬೇಕಿಲ್ಲ, ಫೈಲು ತೆಗೆದು ಶಾಯಿ ನೋಡಿದರೆ ಸಾಕು. ಇಪ್ಪತ್ತಾರು ಸಾಲಿಗೂ ಒಂದೇ ಪೆನ್ನು, ಒಂದೇ ದಿನಾಂಕ, ಎಲ್ಲವೂ ನಾಲ್ಕನೇ ಮೆಟ್ಟಿಲು ಎಂದಿದ್ದರೆ ಅದು ಆಡಿಟ್ ಹಿಂದಿನ ರಾತ್ರಿ ತುಂಬಿದ ಕಾಗದ. ನಿಜವಾಗಿ ನಡೆದ ಫೈಲಿನಲ್ಲಿ ದಿನಾಂಕಗಳು ಚೆಲ್ಲಾಪಿಲ್ಲಿಯಾಗಿರುತ್ತವೆ, ಎರಡನೇ ಮೆಟ್ಟಿಲಿನಿಂದ ಮೂರಕ್ಕೆ ಹೋಗಿ ಮತ್ತೆ ಎರಡಕ್ಕೆ ಇಳಿದ ಸಾಲುಗಳಿರುತ್ತವೆ.

ಇನ್ನೊಂದು ತೊಂದರೆ ಪ್ರಿಸೆಪ್ಟರ್‌ಗಳ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಹನ್ನೆರಡು ವಾರ ಜೊತೆಗೆ ಉಂಡ ಹುಡುಗಿಗೆ "ಆಗಿಲ್ಲ" ಎಂದು ಬರೆಯಲು ಕೈ ಬಾರದು. 2003ರಲ್ಲಿ ಕ್ಯಾಥ್ಲೀನ್ ಡಫಿ ಸ್ಕಾಟ್ಲೆಂಡಿನ ನರ್ಸಿಂಗ್ ವಿದ್ಯಾರ್ಥಿಗಳ ಮೇಲ್ವಿಚಾರಕರನ್ನು ಮಾತಾಡಿಸಿದಾಗಲೂ ಇದೇ ಕಂಡಿತು. ಫೇಲ್ ಮಾಡಬೇಕಾದ ಕಡೆ ಫೇಲ್ ಮಾಡದೆ ಮುಂದೆ ಕಳಿಸಿಬಿಡುತ್ತಿದ್ದರು. ಇದಕ್ಕೆ ನಾವು ಎರಡು ಕೆಲಸ ಮಾಡಿದೆವು. ಪ್ರಿಸೆಪ್ಟರ್ ಆಗುವವರಿಗೆ ಎರಡು ದಿನದ ತರಬೇತಿ ಇಟ್ಟು, ಒಂದೇ ವಿಡಿಯೋ ತೋರಿಸಿ ಎಲ್ಲರಿಂದ ಬೇರೆ ಬೇರೆ ಮೆಟ್ಟಿಲು ಬರೆಸಿದೆವು. ಒಂದೇ ಕೆಲಸಕ್ಕೆ ಒಬ್ಬರು ಎರಡು, ಇನ್ನೊಬ್ಬರು ನಾಲ್ಕು ಬರೆದದ್ದನ್ನು ಎದುರಿಗಿಟ್ಟುಕೊಂಡು ಯಾಕೆಂದು ಮಾತಾಡಿದೆವು. ಎರಡನೆಯದಾಗಿ, ಹನ್ನೆರಡನೇ ವಾರಕ್ಕೆ ಮುಗಿಯದವಳಿಗೆ ನಾಲ್ಕು ವಾರ ಹೆಚ್ಚುವರಿ ಎಂದು ಮೊದಲೇ ನಿಯಮ ಮಾಡಿದೆವು. ಉಳಿದ ಸಾಲುಗಳಷ್ಟೇ, ಇನ್ನೊಬ್ಬ ಪ್ರಿಸೆಪ್ಟರ್ ಜೊತೆ, ಪೂರ್ತಿ ಸಂಬಳದೊಂದಿಗೆ. "ಆಗಿಲ್ಲ" ಎಂದರೆ ಕೆಲಸ ಹೋಗುತ್ತದೆಂಬ ಭಯ ಇಲ್ಲವಾದಾಗ ಪ್ರಿಸೆಪ್ಟರ್‌ಗಳ ಕೈಯಿಂದ ನಿಜ ಹೊರಬರತೊಡಗಿತು.

ಆ ಹುಡುಗಿಗೆ ಇನ್ಸುಲಿನ್ ಸಾಲಿನ ಸಹಿ ಸಿಕ್ಕಿದ್ದು ಎಂಟನೇ ವಾರದಲ್ಲಿ, ಒಂದು ನೈಟ್ ಡ್ಯೂಟಿ ಮುಗಿದು ಬೆಳಗಿನ ಇನ್ಸುಲಿನ್ ಕೊಟ್ಟ ಮೇಲೆ. ಅದಕ್ಕೂ ಮೊದಲು ಒಮ್ಮೆ ಅವಳು ತಿಂಡಿಯ ವಿಷಯ ಕೇಳಲು ಮರೆತಿದ್ದಳು, ಅವತ್ತಿನ ಸಹಿ ನಿಂತಿತ್ತು.

ಓದುಗರಲ್ಲಿ ಒಂದು ಕೋರಿಕೆ. ನೀವೋ ನಿಮ್ಮವರೋ ಆಸ್ಪತ್ರೆಯಲ್ಲಿರುವಾಗ ಮಂಚದ ಪಕ್ಕ ಇಬ್ಬರು ನರ್ಸ್‌ಗಳು ಬಂದು, ಒಬ್ಬಳು ಕೆಲಸ ಮಾಡುತ್ತ ಇನ್ನೊಬ್ಬರು ಸುಮ್ಮನೆ ನೋಡುತ್ತ ನಿಂತರೆ ಗಾಬರಿಯಾಗಬೇಡಿ, "ಹೊಸಬಳ ಕೈಲಿ ಬೇಡ" ಎಂದು ಕಳಿಸಬೇಡಿ. ನೋಡುತ್ತ ನಿಂತವರು ನಿಮಗಾಗಿಯೇ ನಿಂತಿದ್ದಾರೆ. ಆ ಹುಡುಗಿ ನಿಮ್ಮ ಹೆಸರನ್ನು ದಿನಕ್ಕೆ ನಾಲ್ಕು ಸಲ ಕೇಳಿದರೂ ಬೇಸರಿಸದೆ ಪೂರ್ತಿ ಹೆಸರು ಹೇಳಿ. ಇನ್ಸುಲಿನ್ ತಂದಾಗ ತಿಂಡಿ ಇನ್ನೂ ಬಂದಿಲ್ಲದಿದ್ದರೆ, ಅವಳು ಕೇಳುವ ಮೊದಲೇ ಹೇಳಿ.